ಮದುವೆ ಖರ್ಚಿನ ಲೆಕ್ಕ: ಕುಟುಂಬಕ್ಕೊಂದು ಸಾಲು, ಊಟದ ಸಂಖ್ಯೆ, ಅಡ್ವಾನ್ಸ್ ಮತ್ತು ಬಾಕಿ

ಮದುವೆ ಗೊತ್ತಾದ ಕೂಡಲೇ ಹಾಲ್‌ನವರು, ಕೇಟರಿಂಗ್‌ನವರು, ಡೆಕೊರೇಷನ್‌ನವರು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಎಷ್ಟು ಜನ ಆಗ್ತಾರೆ?" ಮನೆಯಲ್ಲಿ ಯಾರೋ ಒಬ್ಬರು "ಒಂದು ನಾನೂರು ಇಟ್ಕೊಳ್ಳಿ" ಅನ್ನುತ್ತಾರೆ. ಆ ನಾನೂರು ಎಲ್ಲಿಂದ ಬಂತು ಅಂತ ಹೇಳಿದವರಿಗೂ ಗೊತ್ತಿರುವುದಿಲ್ಲ. ಆದರೆ ಹಾಲ್‌ನ ಅಳತೆ, ಊಟದ ಬಿಲ್, ಕುರ್ಚಿ, ಗಾಡಿ ಎಲ್ಲವೂ ಆ ಒಂದು ಅಂಕಿಯ ಮೇಲೆ ನಿಂತುಬಿಡುತ್ತವೆ.

ಈ ಅಂಕಿಯನ್ನು ಊಹೆಯಿಂದ ಹೇಳುವ ಬದಲು ಪಟ್ಟಿಯಿಂದ ತೆಗೆಯುವುದು ಹೇಗೆ, ಅದರಿಂದ ಕೇಟರಿಂಗ್‌ನವರಿಗೆ ಎಷ್ಟು ಪ್ಲೇಟ್ ಹೇಳಬೇಕು, ಕೊಟ್ಟ ಅಡ್ವಾನ್ಸ್‌ಗಳನ್ನೂ ಉಳಿದ ಬಾಕಿಯನ್ನೂ ಹೇಗೆ ಹಿಡಿದಿಡಬೇಕು ಅನ್ನುವುದನ್ನು ಇಲ್ಲಿ ನೋಡೋಣ. ಗೂಗಲ್ ಶೀಟ್ಸ್, ಎಕ್ಸೆಲ್, ಲಿಬ್ರೆಆಫೀಸ್ ಕ್ಯಾಲ್ಕ್ ಯಾವುದಾದರೂ ಸರಿ, ಸೂತ್ರಗಳು ಮೂರರಲ್ಲೂ ಒಂದೇ, ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಮಾತ್ರ ಹಾಳೆಯ ಹೆಸರಿನ ಮುಂದಿನ `!` ಬದಲು `.` ಹಾಕಬೇಕು. ಗೂಗಲ್ ಶೀಟ್ಸ್ ಆದರೆ ಎರಡೂ ಕಡೆಯವರು ಒಂದೇ ಪಟ್ಟಿಯನ್ನು ಫೋನಿನಲ್ಲೇ ತುಂಬಬಹುದು.

ಉದಾಹರಣೆಯಲ್ಲಿ ಒಂದು ಪ್ಲೇಟಿಗೆ 100 ಅಂತ ಇಟ್ಟುಕೊಂಡಿದ್ದೇನೆ. ಅದು ಯಾವ ಊರಿನ ದರವೂ ಅಲ್ಲ. ಲೆಕ್ಕ ಕಣ್ಣಿಗೆ ಸುಲಭವಾಗಲಿ ಅಂತ ತೆಗೆದುಕೊಂಡ ಅಂಕಿ, ಅಷ್ಟೇ. ನಿಮ್ಮ ದರ ಹಾಕಿದರೆ ಉಳಿದದ್ದೆಲ್ಲ ತಾನಾಗಿ ಬದಲಾಗುತ್ತದೆ.

## ಹಂತ 1: ಒಂದು ಕುಟುಂಬಕ್ಕೆ ಒಂದು ಸಾಲು

ಫೈಲಿನಲ್ಲಿ Guests ಎಂಬ ಹಾಳೆ ಮಾಡಿ. ಎಷ್ಟೋ ಜನ ಇಲ್ಲಿ ಒಬ್ಬೊಬ್ಬ ವ್ಯಕ್ತಿಗೂ ಒಂದೊಂದು ಸಾಲು ಬರೆಯಲು ಹೊರಡುತ್ತಾರೆ. ಎಂಬತ್ತು ಹೆಸರು ಆಗುವಷ್ಟರಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಬರೀ ಕಾರ್ಡ್ ಎಣಿಸುತ್ತಾರೆ. 120 ಕಾರ್ಡ್ ಅಂದರೆ 120 ಜನವೂ ಅಲ್ಲ, 480 ಜನವೂ ಅಲ್ಲ. ಮದುವೆಗೆ ಕರೆಯುವುದು ಕುಟುಂಬವನ್ನು, ಬರುವುದೂ ಬಾರದಿರುವುದೂ ಸಾಮಾನ್ಯವಾಗಿ ಕುಟುಂಬವೇ. ಹಾಗಾಗಿ ಸಾಲೂ ಕುಟುಂಬದ್ದೇ ಇರಲಿ.

ಕಾಲಮ್‌ಗಳು ಹೀಗಿರಲಿ. A ಯಲ್ಲಿ ಕುಟುಂಬದ ಹೆಸರು, B ಯಲ್ಲಿ ಹೆಣ್ಣಿನ ಕಡೆಯಾದರೆ "ಹೆಣ್ಣು", ಗಂಡಿನ ಕಡೆಯಾದರೆ "ಗಂಡು", C ಯಲ್ಲಿ ಆ ಮನೆಗೆ ಫೋನ್ ಮಾಡಿ ಕೇಳುವ ಹೊಣೆ ಯಾರದು ಎಂಬುದು. D ಯಲ್ಲಿ ದೊಡ್ಡವರು, E ಯಲ್ಲಿ ಮಕ್ಕಳು, F ನಲ್ಲಿ ಬರುವ ಸಾಧ್ಯತೆ. ಹಿಂದಿನ ದಿನ ಸಂಜೆಯ ಊಟವೂ ಇದ್ದರೆ ಅದಕ್ಕೆ G, H, I ನಲ್ಲಿ ಇದೇ ಮೂರು ಕಾಲಮ್ ಮತ್ತೊಮ್ಮೆ ಮಾಡಿ. ಎರಡೂ ಊಟಕ್ಕೆ ಒಂದೇ ಸಂಖ್ಯೆ ಹಾಕಬೇಡಿ. ಮದುವೆಗೆ ಮನೆಮಂದಿಯೆಲ್ಲ ಬರುವ ಕುಟುಂಬದಿಂದ ಹಿಂದಿನ ಸಂಜೆಗೆ ಇಬ್ಬರೇ ಬರುವುದು ತೀರಾ ಮಾಮೂಲು.

C ಕಾಲಮ್ ನೋಡಿದರೆ ಅನಗತ್ಯ ಅನ್ನಿಸಬಹುದು. ಬಿಡಬೇಡಿ. "ಚಿಕ್ಕಪ್ಪ ಕೇಳ್ತಾರೆ" ಅಂತ ಅಮ್ಮ, "ಅಮ್ಮ ಕೇಳ್ತಾಳೆ" ಅಂತ ಚಿಕ್ಕಪ್ಪ, ಕೊನೆಗೆ ಯಾರೂ ಕೇಳಿರುವುದಿಲ್ಲ. ಪ್ರತಿ ಸಾಲಿಗೂ ಒಬ್ಬರ ಹೆಸರಿರಲಿ, ಇಬ್ಬರದ್ದು ಬೇಡ.

ಸಾಲು ತುಂಬುವಾಗ ಮೂರು ಕಡೆ ಎಡವುವುದು ಜಾಸ್ತಿ.

ಮೊದಲನೆಯದು, ಒಂದೇ ಕುಟುಂಬ ಎರಡು ಸಲ ಬರುವುದು. ಒಬ್ಬರು "ದೊಡ್ಡತ್ತೆ ಮನೆ" ಅಂತ ಬರೆದಿರುತ್ತಾರೆ, ಇನ್ನೊಬ್ಬರು ದೊಡ್ಡತ್ತೆಯ ಮಗನ ಹೆಸರು ಬರೆದಿರುತ್ತಾರೆ. ಎರಡೂ ಕಡೆಗೆ ಬೇಕಾದ ಸ್ನೇಹಿತರಿದ್ದರೆ ಇನ್ನೂ ಸುಲಭವಾಗಿ ಜೋಡಿಯಾಗುತ್ತದೆ. ಹೆಸರಿನಿಂದ ಇದನ್ನು ಹಿಡಿಯುವುದು ಕಷ್ಟ, ಫೋನ್ ನಂಬರಿನಿಂದ ಸುಲಭ. ಮನೆಗೊಂದು ನಂಬರ್ J ಕಾಲಮ್‌ನಲ್ಲಿ ಬರೆದು, ಪಕ್ಕದ ಕಾಲಮ್‌ನಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೂ ಎಳೆಯಿರಿ. 1ಕ್ಕಿಂತ ಜಾಸ್ತಿ ಬಂದ ಸಾಲು ಎರಡು ಸಲ ಬಂದಿದೆ ಅಂತ ಅರ್ಥ.

```
=COUNTIF(J$2:J$200,J2)
```

ಎರಡನೆಯದು, ಸಂಖ್ಯೆಯ ಜಾಗದಲ್ಲಿ "4 ಜನ" ಅಂತ ಬರೆಯುವುದು. ಬರೀ `SUM` ಹಾಕಿದ್ದರೆ ಅದು ಆ ಕೋಶವನ್ನು ಸದ್ದಿಲ್ಲದೆ ಬಿಟ್ಟು ಕೂಡುತ್ತದೆ, ನಾಲ್ಕು ಜನ ಮಾಯ. ಮುಂದೆ ಬರುವ ಸೂತ್ರಗಳು ಇಂಥದ್ದು ಸಿಕ್ಕರೆ `#VALUE!` ಅಂತ ತೋರಿಸುತ್ತವೆ. ಅದು ಕಂಡರೆ ಗಾಬರಿ ಬೇಡ, D, E, F ಕಾಲಮ್‌ಗಳಲ್ಲಿ ಎಲ್ಲೋ ಅಕ್ಷರ ಸೇರಿದೆ. ಅಂಕಿಯನ್ನಷ್ಟೇ ಉಳಿಸಿ.

ಮೂರನೆಯದು, ಕೆಲಸಕ್ಕೆ ಬಂದವರ ಊಟ. ಫೋಟೊ ತೆಗೆಯುವವರು, ವಿಡಿಯೊದವರು, ಸಂಗೀತದವರು, ಡ್ರೈವರ್‌ಗಳು, ಡೆಕೊರೇಷನ್ ಹುಡುಗರು ಎಲ್ಲರೂ ಅಲ್ಲೇ ಊಟ ಮಾಡುತ್ತಾರೆ. ಕೇಟರಿಂಗ್ ಬಿಲ್‌ನಲ್ಲಿ ಅವರ ಪ್ಲೇಟೂ ಇರುತ್ತದೆ, ಅತಿಥಿ ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ. "ಕೆಲಸದವರ ಊಟ" ಅಂತ ಒಂದು ಸಾಲು ಸೇರಿಸಿ, ದೊಡ್ಡವರ ಕಾಲಮ್‌ನಲ್ಲಿ ಅವರ ಸಂಖ್ಯೆ, ಸಾಧ್ಯತೆ 1 ಅಂತ ಹಾಕಿ.

## ಹಂತ 2: ಬರುವ ಸಾಧ್ಯತೆಗೆ ನಾಲ್ಕೇ ಅಂಕಿ

F ಕಾಲಮ್‌ನಲ್ಲಿ 1, 0.8, 0.5, 0.2 ಈ ನಾಲ್ಕನ್ನು ಬಿಟ್ಟು ಬೇರೇನೂ ಬೇಡ. ಖಂಡಿತ ಬರುವವರಿಗೆ 1. ಬರುವುದೇ ಜಾಸ್ತಿ ಅನ್ನಿಸಿದರೆ 0.8. ಹೇಳಲಾಗದು ಅಂದರೆ 0.5. ಕರೆಯದೆ ಇರಲಾಗದು, ಆದರೆ ಬರುವುದು ಅನುಮಾನ ಅಂದರೆ 0.2. ಇದಕ್ಕಿಂತ ನಯವಾಗಿ 0.65, 0.73 ಅಂತ ಹಾಕಲು ಹೊರಟರೆ ಪ್ರತಿ ಹೆಸರಿಗೂ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಲಾಭವೇನೂ ಇಲ್ಲ.

ಕುಟುಂಬದಲ್ಲಿ ಇಬ್ಬರು ಖಂಡಿತ, ಉಳಿದ ಮೂವರು ಗೊತ್ತಿಲ್ಲ ಅಂತಾದರೆ ಆ ಕುಟುಂಬವನ್ನು ಎರಡು ಸಾಲು ಮಾಡಿ. ಒಂದರಲ್ಲಿ 2 ಜನ, ಸಾಧ್ಯತೆ 1. ಇನ್ನೊಂದರಲ್ಲಿ 3 ಜನ, ಸಾಧ್ಯತೆ 0.5. ಎರಡನೇ ಸಾಲಿನಲ್ಲಿ ಫೋನ್ ನಂಬರ್ ಖಾಲಿ ಬಿಡಿ, ಇಲ್ಲದಿದ್ದರೆ ಮೇಲಿನ ಸೂತ್ರ ಅದನ್ನೂ ಜೋಡಿ ಅಂತ ತೋರಿಸುತ್ತದೆ.

ಈಗ ಒಂದು ಮದುವೆಯ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಸುಲಭವಾಗಲಿ ಅಂತ ಕುಟುಂಬಗಳನ್ನು ಗುಂಪು ಮಾಡಿ ತೋರಿಸುತ್ತೇನೆ.

| ಗುಂಪು | ಕುಟುಂಬ | ಕರೆದ ದೊಡ್ಡವರು | ಕರೆದ ಮಕ್ಕಳು | ಸಾಧ್ಯತೆ | ಬರುವ ನಿರೀಕ್ಷೆ |
|---|---|---|---|---|---|
| ತೀರಾ ಹತ್ತಿರದವರು | 20 | 80 | 20 | 1 | 100 |
| ನೆಂಟರು | 40 | 120 | 40 | 0.8 | 128 |
| ಸ್ನೇಹಿತರು, ನೆರೆಯವರು | 30 | 60 | 30 | 0.5 | 45 |
| ಆಫೀಸು, ಪರಿಚಯದವರು | 30 | 60 | 0 | 0.2 | 12 |
| ಕೆಲಸದವರ ಊಟ | – | 15 | 0 | 1 | 15 |

ಕಾರ್ಡ್ 120. ಕರೆದವರು 410 ಜನ. ಬರುವ ನಿರೀಕ್ಷೆ 285, ಕೆಲಸದವರು ಸೇರಿ 300. "ಒಂದು ನಾನೂರು" ಅಂದವರು ಕರೆದವರ ಲೆಕ್ಕ ಹೇಳಿದ್ದರು, ಬರುವವರದ್ದಲ್ಲ.

ಇದನ್ನು ಹಾಳೆಯೇ ಲೆಕ್ಕ ಹಾಕಲಿ. Plan ಎಂಬ ಎರಡನೇ ಹಾಳೆ ಮಾಡಿ, B1 ರಲ್ಲಿ ಹೀಗೆ ಬರೆಯಿರಿ:

```
=SUMPRODUCT((Guests!D2:D200+Guests!E2:E200)*Guests!F2:F200)
```

ಪ್ರತಿ ಸಾಲಿನ ಜನರನ್ನು ಆ ಸಾಲಿನ ಸಾಧ್ಯತೆಯಿಂದ ಗುಣಿಸಿ ಕೊನೆಗೆ ಕೂಡುವುದು, ಅಷ್ಟೇ. ಹೆಣ್ಣಿನ ಕಡೆಯವರದ್ದು ಮಾತ್ರ ಬೇಕಿದ್ದರೆ, ಖರ್ಚು ಹಂಚಿಕೊಳ್ಳುವ ಮನೆಗಳಲ್ಲಿ ಇದು ಬೇಕೇ ಆಗುತ್ತದೆ, ಹೀಗೆ ಮಾಡಿ:

```
=SUMPRODUCT((Guests!B2:B200="ಹೆಣ್ಣು")*(Guests!D2:D200+Guests!E2:E200)*Guests!F2:F200)
```

## ಹಂತ 3: 300 ಅಂದರೆ 300 ಅಲ್ಲ

ನಿರೀಕ್ಷೆ 300 ಅಂತ ಬಂದರೂ ಆ ದಿನ ಸರಿಯಾಗಿ ಮುನ್ನೂರೇ ಜನ ಬರುವುದಿಲ್ಲ. ಮೇಲೆ ಕೆಳಗೆ ಆಗುತ್ತದೆ. ಎಷ್ಟು ಮೇಲೆ ಕೆಳಗೆ ಅನ್ನುವುದೇ ಮುಖ್ಯ. ಸಾಲು ಕುಟುಂಬದ್ದಾಗಿರಲಿ ಅಂತ ಹೇಳಿದ್ದಕ್ಕೆ ನಿಜವಾದ ಕಾರಣವೂ ಇಲ್ಲೇ ಇದೆ.

ಅತಿಥಿಗಳು ಒಬ್ಬೊಬ್ಬರಾಗಿ ಮನಸ್ಸು ಮಾಡಿ ಬರುವಂತಿದ್ದರೆ ಏರುಪೇರು ಕಡಿಮೆ. ಒಬ್ಬರು ಬರದಿದ್ದರೆ ಇನ್ನೊಬ್ಬರು ಬಂದು ಸರಿದೂಗುತ್ತದೆ. ಆದರೆ ನಾಲ್ಕು ಜನರ ಮನೆಯಲ್ಲಿ ಒಂದು ಮಗುವಿಗೆ ಜ್ವರ ಬಂದರೆ ನಾಲ್ಕೂ ಜನ ತಪ್ಪಿಹೋಗುತ್ತಾರೆ. ಸಂಖ್ಯೆ ಒಂದೊಂದಾಗಿ ಅಲ್ಲ, ನಾಲ್ಕು ನಾಲ್ಕಾಗಿ ಏರಿಳಿಯುತ್ತದೆ. Plan ಹಾಳೆಯ B2 ರಲ್ಲಿ ಈ ಸೂತ್ರ ಹಾಕಿ:

```
=SQRT(SUMPRODUCT((Guests!D2:D200+Guests!E2:E200)^2*Guests!F2:F200*(1-Guests!F2:F200)))
```

ನಮ್ಮ ಪಟ್ಟಿಗೆ ಇದು ಸುಮಾರು 14 ಕೊಡುತ್ತದೆ. ಅದೇ ಜನರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ಲೆಕ್ಕ ಹಾಕಿದ್ದರೆ 8ರ ಒಳಗೆ ಬರುತ್ತಿತ್ತು. ಅಂದರೆ ಕುಟುಂಬ ಲೆಕ್ಕದಲ್ಲಿ ಏರುಪೇರು ಹತ್ತಿರ ಹತ್ತಿರ ಎರಡರಷ್ಟು. ನಿರೀಕ್ಷೆಯ ಎರಡೂ ಬದಿಗೆ ಈ ಅಂಕಿಯ ಎರಡರಷ್ಟು ಜಾಗ ಬಿಟ್ಟರೆ, ನೀವು ಹಾಕಿದ ಸಾಧ್ಯತೆಗಳು ಸರಿಯಿದ್ದ ಪಕ್ಷದಲ್ಲಿ, ಇಂಥ 20 ಮದುವೆಗಳಲ್ಲಿ ಸುಮಾರು 19ರಲ್ಲಿ ಸಂಖ್ಯೆ ಆ ಜಾಗದೊಳಗೇ ಬೀಳುತ್ತದೆ. ನಮಗದು 272ರಿಂದ 328. ಮೇಲಿನ ಅಂಚು ಸಿಗಲು B3 ರಲ್ಲಿ `=B1+2*B2` ಅಂತ ಬರೆಯಿರಿ.

ಇದಕ್ಕೊಂದು ಮಿತಿಯಿದೆ. ಎಲ್ಲರನ್ನೂ ಒಟ್ಟಿಗೆ ತಡೆಯುವ ಕಾರಣಗಳು ಈ ಸೂತ್ರದೊಳಗೆ ಇಲ್ಲ. ಜೋರು ಮಳೆ, ಅದೇ ದಿನ ನೆಂಟರಲ್ಲೇ ಇನ್ನೊಂದು ಮದುವೆ, ಮಕ್ಕಳ ಪರೀಕ್ಷೆ, ಇವು ಒಂದಿಡೀ ಗುಂಪನ್ನೇ ಎಳೆದುಬಿಡುತ್ತವೆ. ಅಂಥದ್ದು ಮುಂಚೆಯೇ ಗೊತ್ತಿದ್ದರೆ ಆ ಗುಂಪಿನ ಸಾಧ್ಯತೆಯನ್ನೇ 0.8ರಿಂದ 0.5ಕ್ಕೆ ಇಳಿಸಿ. ಸೂತ್ರವನ್ನು ಮುಟ್ಟಬೇಡಿ.

ಸಾಧ್ಯತೆಗಳು ಸರಿಯಿವೆಯೇ ಅಂತ ನೋಡಲು ಒಂದು ದಾರಿಯಿದೆ. ಕೇಟರಿಂಗ್‌ನವರಿಗೆ ಕೊನೆಯ ಸಂಖ್ಯೆ ಕೊಡುವ ವಾರದಲ್ಲಿ 0.5 ಗುಂಪಿನ 30 ಮನೆಗಳಲ್ಲಿ ಹತ್ತಕ್ಕೆ ಫೋನ್ ಮಾಡಿ. ಐದು ಮನೆಯವರು ಬರುತ್ತೇವೆ ಅಂದರೆ ಲೆಕ್ಕ ನಿಂತಿತು. ಎಂಟು ಮನೆಯವರು ಅಂದರೆ ಉಳಿದ 20 ಮನೆಗಳ ಅಂಕಿಯನ್ನೂ ಏರಿಸಿ. ಕೇಳುವಾಗ "ಬರ್ತೀರಾ?" ಅಂತ ಕೇಳಬೇಡಿ. ಅದಕ್ಕೆ ಮರ್ಯಾದೆಗಾದರೂ "ಅಯ್ಯೋ, ಖಂಡಿತ ಬರ್ತೀವಿ" ಅನ್ನುವುದೇ ಉತ್ತರ. "ಎಷ್ಟು ಜನ ಬರ್ತೀರಾ, ಹೇಗೆ ಬರ್ತೀರಾ, ಗಾಡಿ ವ್ಯವಸ್ಥೆ ಮಾಡ್ಬೇಕಾ?" ಅಂತ ಕೇಳಿ. ಟಿಕೆಟ್ ಮಾಡಿಸಿದ್ದೇವೆ, ರಜೆ ಹಾಕಿದ್ದೇವೆ ಅಂದರೆ 1. "ಬರೋಣ, ನೋಡೋಣ" ಅಂದರೆ 0.5 ಇದ್ದದ್ದು 0.5 ಆಗಿಯೇ ಇರಲಿ.

## ಹಂತ 4: ಕೇಟರಿಂಗ್‌ನವರಿಗೆ ಯಾವ ಸಂಖ್ಯೆ ಹೇಳಬೇಕು

ಕೇಟರಿಂಗ್ ಒಪ್ಪಂದದಲ್ಲಿ ಎರಡು ಸಂಖ್ಯೆಗಳಿರುತ್ತವೆ, ಜನ ಅವನ್ನು ಒಂದೇ ಅಂದುಕೊಳ್ಳುತ್ತಾರೆ. ಒಂದು ಗ್ಯಾರಂಟಿ ಪ್ಲೇಟ್. ಕಡಿಮೆ ಜನ ಬಂದರೂ ಅಷ್ಟಕ್ಕೆ ದುಡ್ಡು ಕೊಡಲೇಬೇಕು. ಇನ್ನೊಂದು, ಅದರ ಮೇಲೆ ಅವರು ಎಷ್ಟು ಜನರಿಗೆ ಸಾಲುವಷ್ಟು ಅಡುಗೆ ಮಾಡಿಟ್ಟಿರುತ್ತಾರೆ ಅನ್ನುವುದು. ಜನ ಜಾಸ್ತಿಯಾದರೆ ಆ ಹೆಚ್ಚುವರಿ ಪ್ಲೇಟಿಗೆ ಅದೇ ದರವೋ ಸ್ವಲ್ಪ ಜಾಸ್ತಿ ದರವೋ ಇರುತ್ತದೆ.

ಊಟ ಸಾಲದೆ ಹೋದರೆ ಮಾನ ಹೋಗುತ್ತದೆ ಅನ್ನುವ ಭಯದಲ್ಲಿ ಎಲ್ಲರೂ ಗ್ಯಾರಂಟಿಯನ್ನೇ ಏರಿಸಿ ಹೇಳುತ್ತಾರೆ. ಭಯ ಸರಿಯಾದದ್ದೇ, ಏರಿಸಿದ ಜಾಗ ತಪ್ಪು. ಏರಿಸಬೇಕಾದದ್ದು ಎರಡನೇ ಸಂಖ್ಯೆಯನ್ನು.

ನಮ್ಮ ಉದಾಹರಣೆಯಲ್ಲಿ ಕೇಟರಿಂಗ್‌ನವರು ಗ್ಯಾರಂಟಿಯ ಮೇಲೆ ಶೇಕಡಾ 10ರಷ್ಟು ಹೆಚ್ಚುವರಿ ಅಡುಗೆಗೆ ಒಪ್ಪಿದ್ದಾರೆ ಅಂತಿಟ್ಟುಕೊಳ್ಳಿ. ಹೆಚ್ಚುವರಿ ಪ್ಲೇಟಿಗೆ 120. ನಮಗೆ ಬೇಕಿರುವುದು 328 ಜನಕ್ಕೆ ಊಟ ಸಾಲಬೇಕು, ಅಷ್ಟೇ. Plan ಹಾಳೆಯ B4 ರಲ್ಲಿ 0.1 ಬರೆದು B5 ರಲ್ಲಿ ಹೀಗೆ ಹಾಕಿ:

```
=ROUNDUP(B3/(1+B4),0)
```

298 ಬರುತ್ತದೆ. 300 ಅಂತ ಹೇಳಿಬಿಡಿ. 300ಕ್ಕೆ ಶೇಕಡಾ 10 ಸೇರಿದರೆ 330, ನಮ್ಮ ಮೇಲಿನ ಅಂಚು ಅದರೊಳಗೇ ಇದೆ.

ಈಗ ನೇರವಾಗಿ 330 ಗ್ಯಾರಂಟಿ ಹೇಳಿದವರ ಜೊತೆ ಹೋಲಿಸಿ. 300 ಜನ ಬಂದರೆ ನಿಮ್ಮ ಬಿಲ್ 30,000, ಅವರದ್ದು 33,000. 272 ಜನವೇ ಬಂದರೂ ಅಂತರ ಅದೇ 3,000. 328 ಜನ ಬಂದರೆ ನಿಮಗೆ 28 ಹೆಚ್ಚುವರಿ ಪ್ಲೇಟು, ಒಟ್ಟು 33,360. ಅವರದ್ದು ಆಗಲೂ 33,000. ಅಂದರೆ ಎಲ್ಲಕ್ಕಿಂತ ಜಾಸ್ತಿ ಜನ ಬಂದ ದಿನ ನೀವು 360 ಜಾಸ್ತಿ ಕೊಡುತ್ತೀರಿ, ಮಾಮೂಲಿ ದಿನ 3,000 ಉಳಿಸುತ್ತೀರಿ.

ಹಾಗಂತ ಗ್ಯಾರಂಟಿಯನ್ನು ನಿರೀಕ್ಷೆಗಿಂತ ತುಂಬಾ ಕೆಳಗೆ ಇಳಿಸುವುದರಲ್ಲೂ ಅರ್ಥವಿಲ್ಲ. ಶೇಕಡಾ 20 ಹೆಚ್ಚುವರಿಗೆ ಒಪ್ಪಿದರೂ 273 ಅಂತ ಹೇಳಿ, 300 ಜನ ಬಂದರೆ, 27 ಪ್ಲೇಟಿಗೆ 120ರಂತೆ ಕೊಟ್ಟು 30,540 ಆಗುತ್ತದೆ. ಉಳಿತಾಯದ ಬದಲು ಖರ್ಚೇ ಜಾಸ್ತಿ. ಇನ್ನು ಹೆಚ್ಚುವರಿ ಅಡುಗೆಗೆ ಒಪ್ಪುವುದೇ ಇಲ್ಲ ಅನ್ನುವವರು ಸಿಕ್ಕರೆ ಬೇರೆ ದಾರಿಯಿಲ್ಲ, 328 ಗ್ಯಾರಂಟಿಯೇ ಕೊಡಬೇಕು. ಆದ್ದರಿಂದ ಇಬ್ಬರು ಕೇಟರಿಂಗ್‌ನವರನ್ನು ಹೋಲಿಸುವಾಗ ಪ್ಲೇಟಿನ ದರ ಮಾತ್ರ ನೋಡಬೇಡಿ. ಮಾಮೂಲಿ ದಿನ ಹೆಚ್ಚುವರಿಗೆ ಒಪ್ಪದ 95ರ ದರಕ್ಕಿಂತ ಶೇಕಡಾ 10 ಕೊಡುವ 100ರ ದರವೇ ಅಗ್ಗ: 328 ಗುಣಿಸು 95 ಅಂದರೆ 31,160, ನಮ್ಮದು 30,000.

ಮಕ್ಕಳ ಪ್ಲೇಟಿನ ವಿಷಯವನ್ನೂ ಮೊದಲೇ ಮಾತಾಡಿ. ಇಲ್ಲಿಯವರೆಗೆ ಎಲ್ಲ ಪ್ಲೇಟಿಗೂ ಒಂದೇ ದರ ಅಂತ ಹಿಡಿದೆವು. ನಮ್ಮ 300ರಲ್ಲಿ 67 ಮಕ್ಕಳು. ಅರ್ಧ ದರ ಸಿಕ್ಕರೆ 3,350 ಉಳಿಯಿತು, ಸಣ್ಣ ಮೊತ್ತವೇನಲ್ಲ. ಎಷ್ಟು ವಯಸ್ಸಿನವರೆಗೆ ಪ್ಲೇಟೇ ಎಣಿಸುವುದಿಲ್ಲ, ಎಷ್ಟರವರೆಗೆ ಅರ್ಧ ಅಂತ ಕೇಳಿ ಬರೆಸಿಕೊಳ್ಳಿ. "ಮಕ್ಕಳಿಗೆ ಕಡಿಮೆ ಮಾಡೋಣ ಬಿಡಿ" ಅನ್ನುವ ಮಾತು ಬಿಲ್ ಬರುವಾಗ ಯಾರಿಗೂ ನೆನಪಿರುವುದಿಲ್ಲ.

ಜೊತೆಗೆ ಇದನ್ನೂ ಕೇಳಿ: ಪ್ಲೇಟ್ ಎಣಿಸುವುದು ಹೇಗೆ? ಕೂತು ಊಟವಾದರೆ ಪ್ರತಿ ಪಂಕ್ತಿ ಮುಗಿದ ಮೇಲೆ ಎರಡೂ ಕಡೆಯವರು ಎಣಿಸಿ ಒಂದು ಚೀಟಿಗೆ ಸಹಿ ಹಾಕಬಹುದು. ಬಫೆಯಾದರೆ ಶುರುವಿಗೆ ಮುಂಚೆ ತಂದಿಟ್ಟ ಪ್ಲೇಟ್ ಎಷ್ಟು, ಕೊನೆಗೆ ಮುಟ್ಟದೆ ಉಳಿದದ್ದು ಎಷ್ಟು ಅಂತ ಕಳೆಯುವುದು ವಾಡಿಕೆ. ಬಳಸಿದ ಪ್ಲೇಟನ್ನು ಅಲ್ಲೇ ತೊಳೆದು ಮತ್ತೆ ಇಡುವುದಾದರೆ ಈ ಲೆಕ್ಕ ನಿಲ್ಲುವುದಿಲ್ಲ. ಒಬ್ಬರೇ ಎರಡು ಪ್ಲೇಟ್ ತೆಗೆದುಕೊಂಡರೆ ಅದೂ ಎರಡೇ. ನಿಮ್ಮ ಕಡೆಯಿಂದ ಎಣಿಸಲು ಆ ದಿನ ಓಡಾಟ ಕಡಿಮೆಯಿರುವ ಒಬ್ಬರನ್ನು ಗೊತ್ತುಮಾಡಿ. ಮದುಮಕ್ಕಳ ಅಪ್ಪಂದಿರಿಗೆ ಈ ಕೆಲಸ ಬೇಡ, ಅವರನ್ನು ಯಾರೂ ಒಂದು ಕಡೆ ನಿಲ್ಲಲು ಬಿಡುವುದಿಲ್ಲ.

## ಪಟ್ಟಿ ಕತ್ತರಿಸುವ ಮುಂಚೆ

ಖರ್ಚು ಕೈ ಮೀರಿತು ಅಂದಾಗ ಮೊದಲ ಕತ್ತರಿ ಬೀಳುವುದು ಆಫೀಸು, ಪರಿಚಯದವರ ಮೇಲೆ. ನಮ್ಮ ಪಟ್ಟಿಯಲ್ಲಿ ಆ 30 ಮನೆ, 60 ಜನರನ್ನು ಪೂರ್ತಿ ತೆಗೆದರೆ ಎಷ್ಟು ಉಳಿಯುತ್ತದೆ? 6,000 ಅಲ್ಲ. ಅವರಲ್ಲಿ ಬರುವವರೇ 12, ಹಾಗಾಗಿ 1,200. ಮೂವತ್ತು ಮನೆಯವರ ಬೇಜಾರಿಗೆ ಅದು ತಕ್ಕ ಬೆಲೆಯೇ ಅಂತ ನೀವೇ ಯೋಚಿಸಿ. ಪ್ಲೇಟಿನ ದರವನ್ನು 100ರಿಂದ 90ಕ್ಕೆ ಇಳಿಸಲು ಎರಡು ಐಟಂ ಬಿಟ್ಟರೆ 3,000 ಉಳಿಯುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ. ಪಟ್ಟಿ ಕತ್ತರಿಸುವುದು ನಿಜವಾಗಿ ಕೆಲಸಕ್ಕೆ ಬರುವುದು ಒಂದೇ ಸಂದರ್ಭದಲ್ಲಿ: ಸಂಖ್ಯೆ ಇಳಿದು ಚಿಕ್ಕ ಹಾಲ್ ಸಾಕಾಗುತ್ತದೆ ಅಂತಾದರೆ.

## ಹಂತ 5: ಅಡ್ವಾನ್ಸ್ ಮತ್ತು ಬಾಕಿಗೆ ಎರಡು ಹಾಳೆ

ಒಬ್ಬರಿಗೇ ಮೂರು ನಾಲ್ಕು ಸಲ ದುಡ್ಡು ಹೋಗುತ್ತದೆ. ಕೊಡುವವರೂ ಬೇರೆ ಬೇರೆ. ಒಂದು ಕಂತು ಅಪ್ಪನ ಕೈಯಿಂದ ನಗದು, ಇನ್ನೊಂದು ಅಣ್ಣನ ಫೋನಿನಿಂದ. ಒಂದೇ ಕೋಶದಲ್ಲಿ ಹಳೆಯ ಅಂಕಿ ಅಳಿಸಿ ಹೊಸದು ಬರೆಯುತ್ತಾ ಹೋದರೆ ಯಾವಾಗ ಎಷ್ಟು ಕೊಟ್ಟಿದ್ದು ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೆ ಎರಡು ಹಾಳೆ ಬೇಕು.

Payments ಹಾಳೆಯಲ್ಲಿ ಪ್ರತಿ ಸಲ ದುಡ್ಡು ಕೊಟ್ಟಾಗಲೂ ಹೊಸ ಸಾಲು: A ತಾರೀಕು, B ಯಾರಿಗೆ, C ಎಷ್ಟು, D ಯಾರು ಕೊಟ್ಟರು, E ರಸೀದಿ ಎಲ್ಲಿದೆ. ಬರೆದದ್ದನ್ನು ಅಳಿಸುವುದಿಲ್ಲ.

Vendors ಹಾಳೆಯಲ್ಲಿ ಒಬ್ಬರಿಗೆ ಒಂದು ಸಾಲು: A ಯಾರಿಗೆ, B ಕೆಲಸ, C ಒಪ್ಪಿದ ಒಟ್ಟು ಮೊತ್ತ, D ಈವರೆಗೆ ಕೊಟ್ಟದ್ದು, E ಬಾಕಿ, F ಬಾಕಿ ಕೊಡಬೇಕಾದ ದಿನ, G ವಾಪಸ್ ಬರುವ ಡೆಪಾಸಿಟ್. C ಯಲ್ಲಿ ತೆರಿಗೆ ಸೇರಿಸಿದ ಮೊತ್ತವೇ ಇರಲಿ. ತೆರಿಗೆ ಬಿಟ್ಟು ಹೇಳಿದ ದರವೋ ಸೇರಿಸಿ ಹೇಳಿದ್ದೋ ಅಂತ ಪ್ರತಿಯೊಬ್ಬರನ್ನೂ ಕೇಳಿ. ಕೇಟರಿಂಗ್ ಸಾಲಿನ C ಯಲ್ಲಿ ಮಾತ್ರ ಅಂಕಿ ಬರೆಯದೆ, ಹೇಳಿದ ಗ್ಯಾರಂಟಿಯನ್ನು Plan ಹಾಳೆಯ B6 ರಲ್ಲೂ ದರವನ್ನು B7 ರಲ್ಲೂ ಇಟ್ಟು `=Plan!B6*Plan!B7` ಅಂತ ಕೊಡಿ. D ಮತ್ತು E ಹೀಗೆ:

```
=SUMIFS(Payments!C$2:C$200,Payments!B$2:B$200,A2)
=C2-D2
```

ಎರಡೂ ಹಾಳೆಯಲ್ಲಿ ಹೆಸರು ಅಕ್ಷರ ಅಕ್ಷರ ಒಂದೇ ಇರಬೇಕು. ಒಂದು ಕಡೆ "ಡೆಕೊರೇಷನ್", ಇನ್ನೊಂದು ಕಡೆ "ಡೆಕೋರೇಶನ್" ಅಂತಿದ್ದರೆ ಕೊಟ್ಟ ದುಡ್ಡು ಬಾಕಿಯಿಂದ ಕಳೆಯುವುದೇ ಇಲ್ಲ. ಇದನ್ನು ಹಿಡಿಯಲು ಒಂದು ತಾಳೆ ಸೂತ್ರ ಇಟ್ಟುಕೊಳ್ಳಿ. ಉತ್ತರ ಯಾವಾಗಲೂ 0 ಇರಬೇಕು:

```
=SUM(Payments!C2:C200)-SUM(Vendors!D2:D50)
```

ನಮ್ಮ ಮದುವೆಯ ಹಾಳೆ ಒಂದು ಹಂತದಲ್ಲಿ ಹೀಗೆ ಕಾಣುತ್ತದೆ:

| ಯಾರಿಗೆ | ಒಟ್ಟು | ಕೊಟ್ಟದ್ದು | ಬಾಕಿ | ಯಾವಾಗ |
|---|---|---|---|---|
| ಹಾಲ್ | 20,000 | 10,000 | 10,000 | ಒಂದು ತಿಂಗಳ ಮುಂಚೆ |
| ಕೇಟರಿಂಗ್ | 30,000 | 6,000 | 24,000 | ಮದುವೆ ವಾರ |
| ಡೆಕೊರೇಷನ್ | 12,000 | 4,000 | 8,000 | ಮದುವೆ ವಾರ |
| ಫೋಟೊ, ವಿಡಿಯೊ | 7,000 | 3,000 | 4,000 | ಮದುವೆ ವಾರ |
| ಫೋಟೊ ಆಲ್ಬಮ್ | 3,000 | 0 | 3,000 | ಆಲ್ಬಮ್ ಕೈಗೆ ಬಂದ ಮೇಲೆ |
| ಸಂಗೀತ | 4,000 | 1,000 | 3,000 | ಮದುವೆ ವಾರ |
| ಗಾಡಿಗಳು | 4,000 | 0 | 4,000 | ಮದುವೆ ವಾರ |

ಒಟ್ಟು 80,000. ಕೊಟ್ಟದ್ದು 24,000. ಎಲ್ಲರಿಗೂ ಅಡ್ವಾನ್ಸ್ ಕೊಟ್ಟಾಯಿತು ಅನ್ನುವ ನೆಮ್ಮದಿ ಇಲ್ಲೇ ಮೋಸ ಮಾಡುವುದು. ಮದುವೆ ವಾರದ ಬಾಕಿ ಮಾತ್ರ ಕೂಡಿದರೆ 43,000. ಹಾಲ್‌ನವರು ಕೀಲಿ ಕೊಡುವಾಗ ತೆಗೆದುಕೊಳ್ಳುವ ಡೆಪಾಸಿಟ್ 4,000. ಜಾಸ್ತಿ ಜನ ಬಂದರೆ ಊಟದ 3,360. ಒಟ್ಟು 50,360, ಅಂದರೆ ಇಡೀ ಮೊತ್ತದ ಅರ್ಧಕ್ಕಿಂತ ಜಾಸ್ತಿ ಒಂದೇ ವಾರದಲ್ಲಿ ಕೈಗೆ ಸಿಗುವಂತಿರಬೇಕು. ಠೇವಣಿ ಮುರಿಯಬೇಕಿದ್ದರೂ, ದಿನಕ್ಕೆ ಇಷ್ಟೇ ಕಳಿಸಬಹುದು ಅನ್ನುವ ಬ್ಯಾಂಕಿನ ಮಿತಿ ಇದ್ದರೂ ಮೊದಲೇ ನೋಡಿಕೊಳ್ಳಬೇಕಾದದ್ದು ಈ ಅಂಕಿಗಾಗಿ. F ಕಾಲಮ್‌ನಲ್ಲಿ ನಿಜವಾದ ತಾರೀಕು ಹಾಕಿ, Plan ಹಾಳೆಯ D1, D2 ರಲ್ಲಿ ವಾರದ ಮೊದಲ ಮತ್ತು ಕೊನೆಯ ದಿನ ಬರೆದರೆ ಬಾಕಿ ಇದರಿಂದ ಸಿಗುತ್ತದೆ:

```
=SUMIFS(Vendors!E2:E50,Vendors!F2:F50,">="&Plan!D1,Vendors!F2:F50,"<="&Plan!D2)
```

ಡೆಪಾಸಿಟ್ ಖರ್ಚಲ್ಲ, ಅದಕ್ಕೇ ಅದನ್ನು C ಗೆ ಸೇರಿಸದೆ G ಯಲ್ಲಿ ಬೇರೆ ಇಟ್ಟದ್ದು. ಕೊಟ್ಟಾಗಲೂ Payments ಹಾಳೆಗೆ ಬರೆಯಬೇಡಿ, ಬರೆದರೆ ಹಾಲ್‌ನ ಬಾಕಿ ಸುಳ್ಳಾಗಿ ಇಳಿಯುತ್ತದೆ. ಫೋಟೊದವರಿಗೆ ಎರಡು ಸಾಲು ಮಾಡಿದ್ದಕ್ಕೂ ಕಾರಣವಿದೆ. ಬಾಕಿಯ ದಿನ ಎರಡಿದ್ದರೆ ಸಾಲೂ ಎರಡಿರಬೇಕು. ಪೂರ್ತಿ ದುಡ್ಡು ಮದುವೆ ದಿನವೇ ಕೊಟ್ಟರೆ ಆಲ್ಬಮ್‌ಗಾಗಿ ಫೋನ್ ಮಾಡುತ್ತಾ ಕೂರುವುದು ನಿಮ್ಮ ಪಾಲಿಗೆ ಬರುತ್ತದೆ.

ಬಟ್ಟೆ, ಒಡವೆಯಂಥ ಖರ್ಚು ಅಂಗಡಿಯಲ್ಲೇ ತೀರುವಂಥದ್ದು. ಅವಕ್ಕೂ ಸಾಲು ಮಾಡಿ, ಆದರೆ ಬಾಕಿಯ ತಲೆನೋವು ಅಲ್ಲಿಲ್ಲ.

## ಅಡ್ವಾನ್ಸ್ ಕೊಟ್ಟ ದಿನವೇ ಕಳಿಸುವ ಸಂದೇಶ

ದೊಡ್ಡ ಸಂಸ್ಥೆಗಳು ಒಪ್ಪಂದದ ಕಾಗದ ಕೊಡುತ್ತವೆ. ಚಿಕ್ಕವರಲ್ಲಿ ಎಷ್ಟೋ ಜನ ಒಂದು ಚೀಟಿಯಲ್ಲಿ ಮೊತ್ತ ಬರೆದುಕೊಟ್ಟು ಮುಗಿಸುತ್ತಾರೆ. ಕಾಗದ ಕೇಳಲು ಸಂಕೋಚವಾದರೆ ದುಡ್ಡು ಕಳಿಸಿದ ಕೂಡಲೇ ಫೋನಿನಲ್ಲಿ ಇಂಥದ್ದೊಂದು ಸಂದೇಶ ಕಳಿಸಿ:

"ನಮಸ್ಕಾರ ಸರ್. ಮದುವೆ ಊಟಕ್ಕೆ ಇವತ್ತು 6,000 ಅಡ್ವಾನ್ಸ್ ಕೊಟ್ಟಿದ್ದೇವೆ. ಪ್ಲೇಟಿಗೆ 100, ತೆರಿಗೆ ಸೇರಿ. ಕೊನೆಯ ಸಂಖ್ಯೆ ಮದುವೆಗೆ 7 ದಿನ ಮುಂಚೆ ಹೇಳುತ್ತೇವೆ. ಅದರ ಮೇಲೆ ಶೇಕಡಾ 10 ಹೆಚ್ಚುವರಿ ಅಡುಗೆ ಇರುತ್ತದೆ, ಆ ಪ್ಲೇಟಿಗೆ 120. ಈ ಅಡ್ವಾನ್ಸ್ ಕೊನೆಯ ಬಿಲ್‌ನಲ್ಲಿ ಕಳೆಯುತ್ತದೆ. ತಾರೀಕು ಮುಂದೆ ಹೋದರೆ ಅಡ್ವಾನ್ಸ್ ಹೊಸ ತಾರೀಕಿಗೆ ಸೇರುತ್ತದೆ. ಸರಿ ಇದೆಯಾ ಅಂತ ಒಂದು ಉತ್ತರ ಕಳಿಸಿ."

ಕೊನೆಯ ವಾಕ್ಯ ಮುಖ್ಯ. "ಸರಿ" ಅಂತ ಒಂದು ಉತ್ತರ ಬಂದರೆ ಅದನ್ನು ಉಳಿಸಿಕೊಳ್ಳಿ. ಉತ್ತರವೇ ಬರದಿದ್ದರೆ ಫೋನ್ ಮಾಡಿ ಕೇಳಿ, ಯಾವ ಮಾತಿನಲ್ಲಿ ಭಿನ್ನಾಭಿಪ್ರಾಯ ಇದೆ ಅಂತ ಆಗಲೇ ಗೊತ್ತಾಗುತ್ತದೆ. ಹೆಚ್ಚಾಗಿ ಎಳೆದಾಟ ನಡೆಯುವುದು ತಾರೀಕು ಬದಲಾವಣೆ ಮತ್ತು ರದ್ದತಿಯ ಬಗ್ಗೆ. ರದ್ದಾದರೆ ಅಡ್ವಾನ್ಸ್ ವಾಪಸ್ ಇಲ್ಲ ಅನ್ನುವುದು ಸಾಮಾನ್ಯ. ಆದರೆ ಎಷ್ಟು ದಿನ ಮುಂಚೆ ಹೇಳಿದರೆ ಅರ್ಧವಾದರೂ ಬರುತ್ತದೆ ಅಂತ ಕೇಳಿದರೆ ಕೆಲವರು ಒಪ್ಪುತ್ತಾರೆ.

ಅಡ್ವಾನ್ಸ್ ಜಾಸ್ತಿ ಕೊಟ್ಟರೆ ಕೆಲಸ ಚೆನ್ನಾಗಿ ಮಾಡುತ್ತಾರೆ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ತಾರೀಕು ಹಿಡಿದಿಡಲು ಒಂದು ಕಂತು, ಸಾಮಾನು ಕೊಳ್ಳುವ ಹೊತ್ತಿಗೆ ಇನ್ನೊಂದು, ಕೆಲಸ ಮುಗಿದ ಮೇಲೆ ಉಳಿದದ್ದು, ಹೀಗಿದ್ದರೆ ಇಬ್ಬರಿಗೂ ಅನುಕೂಲ. ಅರ್ಧಕ್ಕಿಂತ ಜಾಸ್ತಿ ಮೊದಲೇ ಕೇಳುವವರನ್ನು ಯಾಕೆ ಅಂತ ಕೇಳಿ. ಕಾರಣವಿದ್ದರೆ ಹೇಳುತ್ತಾರೆ.

## ಮುಗಿದ ಮೇಲೆ

ಕೇಟರಿಂಗ್ ಬಿಲ್ ಬಂದಾಗ ಸಹಿ ಮಾಡಿದ ಚೀಟಿಗಳ ಮೊತ್ತವನ್ನು ಗ್ಯಾರಂಟಿಯ ಪಕ್ಕ ಇಡಿ. 309 ಪ್ಲೇಟ್ ಆಗಿದ್ದರೆ 300ಕ್ಕೆ 30,000, ಒಂಬತ್ತಕ್ಕೆ 1,080, ಅದರಲ್ಲಿ ಅಡ್ವಾನ್ಸ್ 6,000 ಕಳೆದು ಕೊಡಬೇಕಾದದ್ದು 25,080. ಎಲ್ಲ 309ಕ್ಕೂ 120 ಹಾಕಿ ಬಿಲ್ ಬಂದರೆ ಸಂದೇಶ ತೋರಿಸಿ. ಹಾಲ್ ಡೆಪಾಸಿಟ್ ವಾಪಸ್ ಕೇಳಲು ಹೋಗುವವರು ಕೀಲಿ ತೆಗೆದುಕೊಂಡಾಗ ತೆಗೆದ ಫೋಟೊಗಳನ್ನು ಜೊತೆಗೆ ಒಯ್ಯಲಿ. ಮುರಿದ ಕುರ್ಚಿ ಮೊದಲೇ ಮುರಿದಿತ್ತೇ ಅನ್ನುವ ಮಾತು ಅಲ್ಲಿ ಬರುತ್ತದೆ. Vendors ಹಾಳೆಯಲ್ಲಿ ಆಗ ಬಾಕಿ ಉಳಿಯುವುದು ಆಲ್ಬಮ್‌ನ ಒಂದು ಸಾಲು ಮಾತ್ರ. ಆಲ್ಬಮ್ ಕೈಗೆ ಬಂದು, ಪುಟ ತಿರುವಿ ನೋಡಿದ ಮೇಲೆ ಆ 3,000 ಕೊಡಿ.